ನೂಲಿನ ಅಗ್ನಿಪರೀಕ್ಷೆ

ಕಳೆದ ತಿಂಗಳು ನಮ್ಮ ಸೊಸೆಯು ಮನೆಯಲ್ಲಿ ತೊಡುವುದಕ್ಕೆಂದು ಒಂದು ನೈಟಿಯನ್ನು ಕೊಂಡು ತಂದಳು. “ಮಾವನವರೇ, ಇದು ಶುದ್ಧ ಹತ್ತಿಯೆಂದು ಅಂಗಡಿಯವರು ಹೇಳಿದರು” ಎಂದಳು. ಶಬ್ದಕ್ಕಿಂತ ಪ್ರತ್ಯಕ್ಷವೇ ಬಲವಾದ ಪ್ರಮಾಣವಷ್ಟೆ! ಒಳಮಡಿಕೆಯಿಂದ ಹಾಸಿನ ಎಳೆಗಳನ್ನೂ ಹೊಕ್ಕಿನ ಎಳೆಗಳನ್ನೂ ಬೇರೆ ಬೇರೆಯಾಗಿ ತೆಗೆದು ಹೊಸೆದು, ಚಿಮಟದಲ್ಲಿ ಹಿಡಿದು, ನೀರು ತುಂಬಿದ ತಟ್ಟೆಯ ಮೇಲೆ ದೀಪದ ಉರಿಗೆ ಮೆಲ್ಲನೆ ಒಡ್ಡಿದೆವು.

ಹತ್ತಿಯ ನೂಲು ಥಟ್ಟನೆ ಹೊತ್ತಿಕೊಳ್ಳುವುದು. ದೀಪದಿಂದ ದೂರ ಸರಿಸಿದರೂ ಉರಿಯುತ್ತಲೇ ಇರುವುದು. ಕಾಗದ ಸುಟ್ಟ ವಾಸನೆ ಬಂದು, ಮೃದುವಾದ ಬೂದಿ ಉಳಿಯುವುದು. ಉಣ್ಣೆಯಾದರೋ ಸುಲಭವಾಗಿ ಹೊತ್ತದು. ಕೂದಲು ಸುಟ್ಟ ವಾಸನೆ ಬರುವುದು, ಉರಿಯಿಂದ ತೆಗೆದೊಡನೆ ಸಾಮಾನ್ಯವಾಗಿ ತಾನೇ ನಂದುವುದು, ಉಳಿದ ಕರಿಯ ಗುಂಡು ಬೆರಳಿನಲ್ಲಿ ಪುಡಿಯಾಗುವುದು. ಪಾಲಿಯೆಸ್ಟರ್, ನೈಲಾನ್ ಮೊದಲಾದ ಕೃತಕ ನೂಲುಗಳು ಉರಿಯನ್ನು ಕಂಡು ಮುದುಡಿ, ಕರಗಿ ತೊಟ್ಟಿಕ್ಕುವುವು. ಆರಿದ ಬಳಿಕ ಪುಡಿಯಾಗದ ಗಟ್ಟಿ ಮಣಿಯಾಗುವುವು.

ಈ ಭೇದಕ್ಕೆ ಕಾರಣವುಂಟು. ವಾಯುವಿನಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿದೆ. ಹತ್ತಿಯು ಉರಿಯುತ್ತಿರಲು ಸುಮಾರು 18 ಪಾಲು ಸಾಕು. ಉಣ್ಣೆಗೆ ಸುಮಾರು 25 ಪಾಲು ಬೇಕು. ಆದುದರಿಂದ ಉಣ್ಣೆಯ ಉರಿಯು ನಮ್ಮ ಗಾಳಿಯಲ್ಲಿ ನಿಲ್ಲಲಾರದು.

ನಮ್ಮ ನೈಟಿಯ ನೂಲು ಹತ್ತಿಯಂತೆಯೇ ಉರಿಯಿತು. ಬೂದಿಯಲ್ಲಿ ಮಾತ್ರ ಗಟ್ಟಿ ಹರಳುಗಳು ಕೈಗೆ ತಗುಲಿದವು. ಇದು ಬೆರಕೆಯ ಬಟ್ಟೆ! ಬೆರಕೆಯೆಂದರೆ ಅರ್ಧ ಅಪಾಯವೆಂದು ತಿಳಿಯಬಾರದು. ಬರಿಯ ಪಾಲಿಯೆಸ್ಟರ್ ಕರಗಿ ಉರಿಯಿಂದ ಕಳಚಿ ಬೀಳಬಹುದು. ಬೆರಕೆಯಲ್ಲಿ ಕರಿಕಾದ ಹತ್ತಿಯು ಅದನ್ನು ಬೀಳಗೊಡದೆ, ಬತ್ತಿಯು ಎಣ್ಣೆಯನ್ನು ಹಿಡಿದಂತೆ ಹಿಡಿದು ಉರಿಸುವುದು. ಕರಗಿದುದು ಚರ್ಮಕ್ಕೆ ಅಂಟಿ ಆಳವಾಗಿ ಸುಡುವುದು.

ಹಾಗಾದರೆ ಏನನ್ನು ತೊಡಬೇಕು? ಸೆಕೆಯ ಅಡಿಗೆಮನೆಯಲ್ಲಿ ಉಣ್ಣೆಯು ಸಲ್ಲದು. ದಪ್ಪನಾದ, ಒತ್ತಾಗಿ ನೆಯ್ದ ಹತ್ತಿಯೇ ಅಲ್ಲಿ ಯೋಗ್ಯ. ಅದೂ ಉರಿಯುವುದು ನಿಜ; ಆದರೆ ತೆಳು ಬಟ್ಟೆಗಿಂತ ನಿಧಾನವಾಗಿ ಉರಿಯುವುದು, ಕರಗಿ ಅಂಟದು. ತೋಳು ಗಿಡ್ಡವಾಗಿರಲಿ, ಸೆರಗು ಸೊಂಟಕ್ಕೆ ಸಿಕ್ಕಿರಲಿ. ಮಲಗುವ ಉಡುಪು, ವಿಶೇಷವಾಗಿ ಮಕ್ಕಳದು, ಮೈಗೊಪ್ಪುವಂತಿರಲಿ. ಜೋಲುವ ಅಂಚು ದೀಪವನ್ನು ಬೇಗನೆ ಮುಟ್ಟುವುದು, ಒಳಗಿನ ಗಾಳಿಯು ಉರಿಯನ್ನು ಹೆಚ್ಚಿಸುವುದು. ಚಳಿಗಾಲದ ಜುಂಗೆದ್ದ ಹತ್ತಿಯ ಫ್ಲಾನೆಲ್ಲಿನ ಮೇಲೆ ಜ್ವಾಲೆಯು ಕ್ಷಣದಲ್ಲಿ ಹರಡಬಲ್ಲುದು. ಅದನ್ನು ತೊಟ್ಟು ಒಲೆಯ ಬಳಿಗೆ ಹೋಗಬಾರದು.

ಈ ಪರೀಕ್ಷೆಯು ನೂಲಿನ ಜಾತಿಯನ್ನು ಹೇಳುವುದೇ ಹೊರತು ನೆಯ್ಗೆಯ ಗುಣವನ್ನಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಆಚೆಯ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಂಡರೆ, ಶುದ್ಧ ಹತ್ತಿಯಾದರೂ ಅದು ಒಲೆಯ ಮುಂದಕ್ಕೆ ತಕ್ಕುದಲ್ಲ.

ಸೊಸೆಯು ಆ ನೈಟಿಯನ್ನು ಮಲಗುವ ಕೋಣೆಗೂ ಒಯ್ಯಲಿಲ್ಲ. ಕತ್ತರಿಸಿ ನೆಲ ಒರಸುವುದಕ್ಕೆ ಇಟ್ಟಳು.