ವಿದಾಯದ ಇಮೇಲ್‌ನಲ್ಲಿ ಫೋನ್ ನಂಬರ್ ಬೇಡ

ನಮ್ಮ ಜಿಲ್ಲೆಯ ಎಷ್ಟೋ ಯುವಕ ಯುವತಿಯರು ಇಂದು ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಪಿಯುಸಿ ಮುಗಿಸಿದ ನಮ್ಮಲ್ಲೂ ಕೆಲವರು ನಾಳೆ ಅಲ್ಲಿನ ಕಚೇರಿಗಳಲ್ಲಿ ಇರುತ್ತೇವೆ. ಕೆಲಸ ಬಿಡುವ ದಿನ ಸಹೋದ್ಯೋಗಿಗಳಿಗೆಲ್ಲ ಒಂದು ಇಮೇಲ್ ಕಳುಹಿಸುವುದು ಇಂಥ ಕಚೇರಿಗಳ ರೂಢಿ. ಅದರ ಕೊನೆಗೆ ಹಲವರು ತಮ್ಮ ಮೊಬೈಲ್ ನಂಬರ್ ಹಾಕುತ್ತಾರೆ. ಅದು ಬೇಡವೆಂಬುದು ನನ್ನ ಅಭಿಪ್ರಾಯ.

ಕಾರಣ ಸರಳ. ಇನ್ನೂರು ಜನರಿಗೆ ಹೋದ ಪತ್ರ ಆ ಇನ್ನೂರರಲ್ಲೇ ನಿಲ್ಲುವುದಿಲ್ಲ, ಯಾರು ಬೇಕಾದರೂ ಅದನ್ನು ಮುಂದಕ್ಕೆ ಕಳುಹಿಸಬಹುದು. ಇಮೇಲ್ ವಿಳಾಸಕ್ಕೆ ಬೇಡದ ಪತ್ರ ಬಂದರೆ ಸುಮ್ಮನಿರಬಹುದು. ಫೋನ್ ರಾತ್ರಿ ಹನ್ನೊಂದಕ್ಕೂ ಬಾರಿಸುತ್ತದೆ. ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ.

ಹಾಗೆಂದು ಯಾವ ವಿಳಾಸವನ್ನೂ ಕೊಡದಿದ್ದರೂ ತಪ್ಪೇ. ಕಂಪನಿ ಕೊಟ್ಟ ಇಮೇಲ್ ಖಾತೆ ಸಾಮಾನ್ಯವಾಗಿ ಕೆಲಸ ಬಿಟ್ಟ ಕೂಡಲೇ ನಿಂತುಹೋಗುತ್ತದೆ. ಮರುದಿನ ಯಾರಾದರೂ ಉತ್ತರ ಬರೆದರೆ ಅದು ನಮಗೆ ತಲುಪದು. ಆದ್ದರಿಂದ ಸ್ವಂತ ಇಮೇಲ್ ವಿಳಾಸವೊಂದನ್ನು ಪತ್ರದೊಳಗೇ ಬರೆಯಬೇಕು. ಅದು ನಮ್ಮ ಹೆಸರಿನದ್ದಾಗಿರಲಿ, ಹೈಸ್ಕೂಲಿನಲ್ಲಿ ತಮಾಷೆಗೆ ಮಾಡಿಕೊಂಡದ್ದು ಬೇಡ. ನಂಬರ್ ಬೇಕಾದ ನಾಲ್ಕೈದು ಜನರಿಗೆ ಬೇರೆಯಾಗಿ, ಎದುರಿಗೇ ಕೊಡಬಹುದು.

ಉದಾಹರಣೆಗೆ, ಲೆಕ್ಕಪತ್ರ ವಿಭಾಗದಲ್ಲಿ ಎರಡು ವರ್ಷ ದುಡಿದವರ ಪತ್ರ ಹೀಗಿದ್ದರೆ ಸಾಕು:

“ಎಲ್ಲರಿಗೂ ನಮಸ್ಕಾರ. ಇಂದು ಇಲ್ಲಿ ನನ್ನ ಕೊನೆಯ ದಿನ. ಸೇರಿದ ಹೊಸದರಲ್ಲಿ ಜಿಎಸ್‌ಟಿ ಲೆಕ್ಕವನ್ನು ತಾಳ್ಮೆಯಿಂದ ಕಲಿಸಿದ ನನ್ನ ವಿಭಾಗದವರಿಗೆ, ತಿಂಗಳ ಕೊನೆಯಲ್ಲಿ ಬಿಲ್‌ಗಳನ್ನು ಸಮಯಕ್ಕೆ ಕಳುಹಿಸಿದ ಸ್ಟೋರ್ಸ್‌ನವರಿಗೆ ಧನ್ಯವಾದಗಳು. ಮುಂದೆ ಸಂಪರ್ಕದಲ್ಲಿರಲು ಬಯಸುವವರು ಕೆಳಗಿನ ಇಮೇಲ್‌ಗೆ ಬರೆಯಬಹುದು.”

ಇಲ್ಲಿ ಧನ್ಯವಾದಕ್ಕೆ ಕಾರಣವಿದೆ. ಬರೇ “ನಿಮ್ಮೆಲ್ಲರ ಸಹಕಾರಕ್ಕೆ” ಎಂದರೆ ಸ್ಟೋರ್ಸ್‌ನವರು ಅದು ತಮಗೆಂದು ಓದಿಕೊಳ್ಳುವುದಿಲ್ಲ. ಹತ್ತು ಹೆಸರು ಬರೆದರೆ ಹನ್ನೊಂದನೆಯವರಿಗೆ ನೋವಾಗುತ್ತದೆ. ಅದಕ್ಕೇ ವಿಭಾಗವನ್ನೂ ಕೆಲಸವನ್ನೂ ಹೇಳುವುದು ಒಳ್ಳೆಯದು. ಕೆಲಸ ಬಿಟ್ಟ ಕಾರಣ, ಹೊಸ ಸಂಬಳ, ಹಳೆಯ ಬೇಸರ ಯಾವುದೂ ಇದರಲ್ಲಿ ಬೇಡ.

ನಮ್ಮ ಮನೆಗಳಲ್ಲಿ ಹಜ್‌ಗೆ ಹೊರಡುವವರು “ಕಹಾ ಸುನಾ ಮಾಫ್” ಎಂದು ಬಂಧುಗಳ ಬಳಿ ಕ್ಷಮೆ ಕೇಳುತ್ತಾರೆ. ಕೆಲಸ ಬಿಡುವಾಗಲೂ ಆ ಮಾತು ಸುಂದರವೇ. ಆದರೆ ಅದನ್ನು ಇನ್ನೂರು ಜನರ ಪತ್ರದಲ್ಲಿ ಬರೆದರೆ, ಯಾರೊಂದಿಗೆ ಏನು ಜಗಳವಾಗಿತ್ತೋ ಎಂದು ಉಳಿದವರು ಹುಡುಕುತ್ತಾರೆ. ಮನಸ್ತಾಪ ಇದ್ದವರ ಮೇಜಿನ ಬಳಿಗೇ ಹೋಗಿ ಹೇಳುವುದು ಸರಿ.

ಇನ್ನು ಕಳುಹಿಸುವ ಬಗೆ. ವಿಳಾಸಗಳನ್ನು Bcc ಜಾಗದಲ್ಲಿ ಹಾಕಿ. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ, ಒಬ್ಬರು Reply all ಒತ್ತಿದರೂ ಉತ್ತರ ಎಲ್ಲರಿಗೂ ಹೋಗುವುದಿಲ್ಲ. ಐದಕ್ಕೆ ಹೊರಡುವವರು ಮೂರಕ್ಕೇ ಕಳುಹಿಸಲಿ. ಓದಿದವರು ಎದ್ದು ಬಂದು ಕೈ ಕುಲುಕಿ ಎರಡು ಮಾತಾಡಲು ಸಮಯವಿರುತ್ತದೆ. ನಂಬರ್ ಕೊಡಬೇಕಾದವರು ಯಾರೆಂಬುದೂ ಆಗಲೇ ತಿಳಿಯುತ್ತದೆ.