ಸರ್ಚಿನಲ್ಲಿ ಸಿಗಲಿಲ್ಲ ಎಂದರೆ ಪಟ್ಟಿಯಲ್ಲಿ ಇಲ್ಲ ಎಂದಲ್ಲ

"ಸರ್ಚ್ ಮಾಡಿದೆ, ಹೆಸರು ಇಲ್ಲ." ಇತ್ತೀಚೆಗೆ ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಹೇಳುವವನು ಕೆಟ್ಟವನಲ್ಲ, ಸುಳ್ಳನೂ ಅಲ್ಲ. ಆದರೆ ಅವನ ಮಾತಿನ ಮೊದಲರ್ಧ ಸತ್ಯ, ಎರಡನೆಯ ಅರ್ಧ ಬರೀ ಊಹೆ. ಸ್ಕ್ಯಾನ್ ಮಾಡಿದ ಹಳೆಯ ಪಟ್ಟಿಯಲ್ಲಿ ಸರ್ಚ್ ಮಾಡಿ ಏನೂ ಬಾರದಿದ್ದರೆ ಗೊತ್ತಾಗುವುದು ಒಂದೇ ಸಂಗತಿ: ನಾವು ಟೈಪ್ ಮಾಡಿದ ಅಕ್ಷರಗಳು ಅದೇ ಕ್ರಮದಲ್ಲಿ ಯಂತ್ರ ಓದಿದ ಪಠ್ಯದಲ್ಲಿ ಇಲ್ಲ. ಕಾಗದದ ಮೇಲೆ ಹೆಸರು ಇದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನ್ನೂ ಒಂದು ಮಾಡುವ ಅಭ್ಯಾಸದ ವಿರುದ್ಧ ಈ ಲೇಖನ.

ಇದು ಸಣ್ಣ ವಿಷಯ ಎನ್ನುವವರಿಗೆ ಒಂದು ನೆನಪು. 2025ರ ಅಕ್ಟೋಬರ್ 27ರಂದು ಚುನಾವಣಾ ಆಯೋಗವು ಕೇರಳವೂ ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯನ್ನು ಘೋಷಿಸಿದ ಮೇಲೆ, 2002ರ ಪಟ್ಟಿಯಲ್ಲಿ ತನ್ನದೋ ಉಪ್ಪ ಉಮ್ಮನದೋ ಹೆಸರು ಹುಡುಕುವುದು ಕಾಸರಗೋಡಿನಲ್ಲಿ ಮನೆಮನೆಯ ಕೆಲಸವಾಯಿತು. ಅದಕ್ಕೂ ಹಿಂದಿನ ಕಾಗದಗಳ ಕತೆಯೂ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಾಗಿ ಎಷ್ಟೋ ಬ್ಯಾರಿ ಮನೆಗಳ ಅಜ್ಜಂದಿರ ಹೆಸರು ಇರುವುದು ಕನ್ನಡ ಲಿಪಿಯಲ್ಲಿ. ಈಗ ಅವು ಒಂದೊಂದಾಗಿ ಸ್ಕ್ಯಾನ್ ಆಗಿ ಪಿಡಿಎಫ್ ರೂಪದಲ್ಲಿ ಮೊಬೈಲಿಗೆ ಬರುತ್ತಿವೆ. ನಾವು ಹೆಸರು ಟೈಪ್ ಮಾಡುತ್ತೇವೆ, ಸಿಗುವುದಿಲ್ಲ, ಎದ್ದು ಹೋಗುತ್ತೇವೆ.

ಮೊದಲು ಒಳಗೆ ಏನಾಗುತ್ತದೆ ಎಂದು ನೋಡೋಣ. ಸ್ಕ್ಯಾನ್ ಎಂದರೆ ಪುಟದ ಫೋಟೋ, ಅಷ್ಟೆ. ಅದರಲ್ಲಿ ಅಕ್ಷರವಿಲ್ಲ, ಕಪ್ಪು ಬಿಳಿ ಚುಕ್ಕೆಗಳಿವೆ. ಆ ಫೋಟೋ ನೋಡಿ ಇದು 'ಮ', ಇದು 'ಯ' ಎಂದು ಗುರುತಿಸಿ ಪಠ್ಯ ಬರೆಯುವ ತಂತ್ರಾಂಶಕ್ಕೆ ಓಸಿಆರ್ ಎನ್ನುತ್ತಾರೆ. ಸರ್ಚ್ ನಡೆಯುವುದು ಫೋಟೋದಲ್ಲಲ್ಲ, ಓಸಿಆರ್ ಬರೆದುಕೊಟ್ಟ ಆ ಪಠ್ಯದಲ್ಲಿ. ಅದು ತಪ್ಪು ಬರೆದುಕೊಂಡಿದ್ದರೆ ಸರ್ಚಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಕನ್ನಡದಲ್ಲಿ ಈ ತಪ್ಪುಗಳು ಎಲ್ಲೆಂದರಲ್ಲಿ ಬೀಳುವುದಿಲ್ಲ, ಅವುಗಳಿಗೆ ಜಾಗ ಗೊತ್ತಿದೆ. ಮಾಸಿದ ಅಚ್ಚಿನಲ್ಲಿ ಮ ಮತ್ತು ಯ ಒಂದೇ ತರ ಕಾಣುತ್ತವೆ. ದ ಮತ್ತು ಧ, ಪ ಮತ್ತು ಷ, ರ ಮತ್ತು ಠ ನಡುವೆ ಇರುವುದು ಒಂದು ಗೀರು ಅಥವಾ ಒಂದು ಚುಕ್ಕೆ. ದೀರ್ಘದ ಗುರುತು ಹಾರಿಹೋದರೆ ದೀ ಹೋಗಿ ದಿ ಆಗುತ್ತದೆ. ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ತಾಗಿದರೆ ಬ್ಬ ಹೋಗಿ ಬ ಉಳಿಯುತ್ತದೆ. ಇನ್ನೊಂದು ಕಣ್ಣಿಗೇ ಕಾಣದ ತಪ್ಪಿದೆ: ಅನುಸ್ವಾರದ ಸೊನ್ನೆ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಬೇರೆ ಅಕ್ಷರ. ಪರದೆಯ ಮೇಲೆ ಹೆಸರು ಸರಿಯಾಗಿಯೇ ಕಾಣುತ್ತಿದ್ದರೂ ಸರ್ಚ್ ಅದನ್ನು ದಾಟಿ ಹೋಗುತ್ತದೆ.

ಈಗ ಊರಿಗೆ ಹತ್ತು ಜನ ಇರುವ ಒಂದು ಹೆಸರು ತೆಗೆದುಕೊಳ್ಳಿ: ಮೊಯ್ದೀನ್ ಕುಂಞಿ. ಕಂಪ್ಯೂಟರ್ ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಆ ಲೆಕ್ಕದಲ್ಲಿ ಮೊಯ್ದೀನ್‌ಗೆ 8, ಕುಂಞಿಗೆ 5, ಒಟ್ಟು 13 ಚಿಹ್ನೆ. ಓಸಿಆರ್ ನೂರಕ್ಕೆ 95 ಚಿಹ್ನೆ ಸರಿಯಾಗಿ ಓದುತ್ತದೆ ಎಂದಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ 13 ಚಿಹ್ನೆಗಳೂ ಒಟ್ಟಿಗೆ ಸರಿ ಬರುವ ಸಾಧ್ಯತೆ ಎಷ್ಟು? ಒಂದು ತಪ್ಪಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಂಡರೆ, 0.95 ಅನ್ನು 13 ಸಲ ಗುಣಿಸಿ: 0.51. ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮೊಯ್ದೀನ್ ಕುಂಞಿಗಳು ಪಟ್ಟಿಯಲ್ಲಿ ಇದ್ದೂ ಸರ್ಚಿಗೆ ಸಿಗುವುದಿಲ್ಲ. 95 ಅಂಕದ ಯಂತ್ರ ನಮ್ಮ ಹೆಸರಿನ ವಿಷಯಕ್ಕೆ ಬಂದಾಗ ನಾಣ್ಯ ಚಿಮ್ಮಿದಷ್ಟೇ ಗಟ್ಟಿ.

ಮಂಜೇಶ್ವರ ಕಡೆಯ ಒಂದು ಹಳೆಯ ಅಚ್ಚಿನ ಪಟ್ಟಿಯ ಓಸಿಆರ್ ಪಠ್ಯವನ್ನು ನಾನು ಪುಟದ ಜೊತೆ ಇಟ್ಟು ನೋಡಿದಾಗ ಈ ಹೆಸರು 'ಯೊಯ್ದಿನ್ ಕು೦ಜಿ' ಎಂದಾಗಿತ್ತು. ನಾಲ್ಕು ತಪ್ಪು: ಮ ಹೋಗಿ ಯ, ದೀರ್ಘ ಹೋಗಿ ಹ್ರಸ್ವ, ಅನುಸ್ವಾರ ಹೋಗಿ ಅಂಕಿಯ ಸೊನ್ನೆ, ಞ ಹೋಗಿ ಜ. ಕೊನೆಯದನ್ನು ಗಮನಿಸಿ. ಞ ಕನ್ನಡದ ಸಾಮಾನ್ಯ ಪಠ್ಯದಲ್ಲಿ ತೀರಾ ಅಪರೂಪ, ನಮ್ಮ ಹೆಸರುಗಳಲ್ಲಿ ತೀರಾ ಸಾಮಾನ್ಯ. ಹೆಚ್ಚು ನೋಡಿರದ ಅಕ್ಷರ ಎದುರಾದಾಗ ಓಸಿಆರ್ ತನಗೆ ಚಿರಪರಿಚಿತವಾದ ಅಕ್ಷರವನ್ನು ಬರೆಯುವ ಸಂಭವ ಹೆಚ್ಚು.

ಇಲ್ಲಿ ಬುದ್ಧಿವಂತರೊಬ್ಬರು ಎದ್ದು, "ಹಾಗಾದರೆ ಇಡೀ ಪಠ್ಯವನ್ನು ನಿಘಂಟಿನ ಸಹಾಯದಿಂದ ತಿದ್ದಿಬಿಡೋಣ, ಆಮೇಲೆ ಹುಡುಕೋಣ" ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕತೆ ಪುಸ್ತಕಕ್ಕೆ ಅದು ಸರಿ. ಹೆಸರಿನ ಪಟ್ಟಿಗೆ ಅದು ಅನಾಹುತ. ನಿಘಂಟಿನಲ್ಲಿ ಕುಂಞಿ ಇಲ್ಲ, ಪೊಡಿಯಬ್ಬ ಇಲ್ಲ, ಐಸಮ್ಮ ಇಲ್ಲ. ಓಸಿಆರ್ ಅದೃಷ್ಟವಶಾತ್ ಸರಿಯಾಗಿ ಓದಿದ ಕುಂಞಿಯನ್ನೂ ಈ ತಿದ್ದುಪಡಿ ತನಗೆ ಗೊತ್ತಿರುವ ಯಾವುದೋ ಪದ ಮಾಡಿ ಕೂರಿಸುತ್ತದೆ. ಮೊದಲಿನ ತಪ್ಪು ತಪ್ಪಿನ ಹಾಗೆ ಕಾಣುತ್ತಿತ್ತು. ಈಗಿನದು ಸರಿಯಾದ ಕನ್ನಡ ಪದದ ವೇಷ ಹಾಕಿಕೊಂಡಿರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ.

ಪಠ್ಯವನ್ನು ಮುಟ್ಟಬೇಡಿ, ಹುಡುಕುವ ವಿಧಾನವನ್ನು ಸಡಿಲ ಮಾಡಿ. ಡಿಪ್ಲೊಮಾದಲ್ಲಿ ನಮಗೆ ಮೊದಲು ಕಲಿಸಿದ್ದು ಇದನ್ನೇ: 20 ಮಿಲಿಮೀಟರ್ ಶಾಫ್ಟ್ ಎಂದರೆ ಕರಾರುವಾಕ್ಕಾಗಿ 20 ಇರುವ ಶಾಫ್ಟ್ ಲೋಕದಲ್ಲೇ ಇಲ್ಲ. ಎಷ್ಟು ಹೆಚ್ಚುಕಡಿಮೆಯಾದರೆ ಒಪ್ಪಬಹುದು ಎಂದು ಮೊದಲೇ ಬರೆದಿಡಬೇಕು. ಹೆಸರು ಹುಡುಕುವಾಗ ಈ ಟಾಲರೆನ್ಸ್ ಅಳೆಯುವ ಹಳೆಯ ಅಳತೆಗೋಲು ಒಂದಿದೆ. ರಷ್ಯಾದ ಗಣಿತಜ್ಞ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು: ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಚಿಹ್ನೆ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವುದು. ಆ ಎಣಿಕೆಯೇ ಅವೆರಡರ ದೂರ. ಫಜ್ಜಿ ಸರ್ಚ್ ಎಂದರೆ ದೂರ ಸೊನ್ನೆ ಇರುವುದನ್ನು ಮಾತ್ರವಲ್ಲ, ಹತ್ತಿರ ಇರುವುದನ್ನೂ ತೋರಿಸುವ ಹುಡುಕಾಟ.

ಆದರೆ ಬರೀ ಎಣಿಕೆ ಸಾಲದು. ಮೊಯ್ದೀನ್ ಕುಂಞಿಗೂ 'ಯೊಯ್ದಿನ್ ಕು೦ಜಿ'ಗೂ ದೂರ 4. ಹಸನ್‌ಗೂ ಹುಸೈನ್‌ಗೂ ದೂರ 2, ಉ ಮತ್ತು ಐ ಚಿಹ್ನೆ ಸೇರಿಸಿದರೆ ಮುಗಿಯಿತು. ಈ ಲೆಕ್ಕದಲ್ಲಿ ಒಬ್ಬನೇ ಮನುಷ್ಯ ತನಗೆ ತಾನೇ ದೂರ, ಬೇರೆ ಬೇರೆ ಇಬ್ಬರು ಹತ್ತಿರ! ಹೆಸರಿನ ಉದ್ದಕ್ಕೆ ಭಾಗಿಸಿ ನೋಡಿದರೂ ಶೇಕಡಾ 31 ಮತ್ತು 33, ನಡುವೆ ಗೆರೆ ಎಳೆಯಲು ಜಾಗವಿಲ್ಲ.

ಇದಕ್ಕೆ ಪರಿಹಾರ ಎಲ್ಲ ತಪ್ಪಿಗೂ ಒಂದೇ ದಂಡ ಹಾಕದಿರುವುದು. ಎರಡು ಬಗೆಯ ಸೊನ್ನೆಯನ್ನು ಹುಡುಕುವ ಮೊದಲೇ ಒಂದು ಮಾಡಿ, ದಂಡ ಸೊನ್ನೆ. ಮ-ಯ, ದಿ-ದೀ, ಞ-ಜ ಹೀಗೆ ಯಂತ್ರ ಸದಾ ಎಡವುವ ಜೋಡಿಗಳಿಗೆ 0.2 ದಂಡ. ಉಳಿದದ್ದಕ್ಕೆ ಪೂರ್ತಿ 1. ಈಗ ಮೊಯ್ದೀನ್ ಕುಂಞಿಯ ದೂರ 4ರಿಂದ 0.6ಕ್ಕೆ ಇಳಿಯಿತು, ಹಸನ್ ಹುಸೈನರ ದೂರ 2ರಲ್ಲೇ ನಿಂತಿತು. ಆ ಜೋಡಿಗಳನ್ನು ತಲೆಯಿಂದ ಹುಟ್ಟಿಸಬಾರದು. ಅದೇ ಪಟ್ಟಿಯ ನಾಲ್ಕೈದು ಪುಟವನ್ನು ಕೈಯಿಂದ ಟೈಪ್ ಮಾಡಿ, ಓಸಿಆರ್ ಪಠ್ಯದ ಪಕ್ಕ ಇಟ್ಟು, ಯಾವುದು ಯಾವುದಾಗಿ ಎಷ್ಟು ಸಲ ಬದಲಾಗಿದೆ ಎಂದು ಎಣಿಸಬೇಕು. ಬೇರೆ ಮುದ್ರಣಾಲಯದ ಅಚ್ಚು ಬಂದರೆ ಎಣಿಕೆಯೂ ಹೊಸದು.

ಇನ್ನೊಂದು ಕಡೆಯವರಿಗೂ ಎರಡು ಮಾತು ಹೇಳಬೇಕು. ಹತ್ತಿರದ ಹೆಸರು ಸಿಕ್ಕ ಕೂಡಲೇ "ಇದೇ ನಮ್ಮ ಅಜ್ಜ" ಎಂದು ಕುಣಿಯುವವರೂ ನಮ್ಮಲ್ಲಿ ಕಡಿಮೆಯಿಲ್ಲ. ಮಾಸಿದ ಪುಟದಲ್ಲಿ ಸ್ವರಚಿಹ್ನೆಗಳು ಪೂರ್ತಿ ಅಳಿಸಿದರೆ ಹುಸೈನ್ ನಿಜವಾಗಿಯೇ ಹಸನ್ ಆಗಬಹುದು, ಯಾವ ದಂಡದ ಲೆಕ್ಕವೂ ಅದನ್ನು ಬಿಡಿಸಲಾರದು. ಹೆಸರು ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಫಜ್ಜಿ ಸರ್ಚ್ ಕೊಡುವುದು ಉತ್ತರವಲ್ಲ, ತೆರೆದು ನೋಡಬೇಕಾದ ಪುಟಗಳ ಪಟ್ಟಿ. ತಂದೆಯ ಹೆಸರು, ಮನೆ ಹೆಸರು, ವಯಸ್ಸು ಕೂಡಿ ಬರುತ್ತದೆಯೇ ಎಂದು ನೋಡಬೇಕು, ಕೊನೆಗೆ ಪುಟದ ಫೋಟೋವನ್ನು ಕಣ್ಣಾರೆ ಓದಬೇಕು. ಹುಡುಕುವಾಗ ಧಾರಾಳಿಯಾಗಿರಿ, ಒಪ್ಪುವಾಗ ಜಿಪುಣರಾಗಿರಿ.

ಕೈಯಲ್ಲಿರುವ ಪಿಡಿಎಫ್ ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯಲು ಎಂಜಿನಿಯರ್ ಬೇಕಿಲ್ಲ. ಪ್ರತಿ ಹೆಸರಿನ ಜೊತೆಗೂ ತಪ್ಪದೆ ಬರುವ ಒಂದು ಪದವನ್ನು, ಉದಾಹರಣೆಗೆ 'ಮನೆ' ಎಂಬ ಶೀರ್ಷಿಕೆಯನ್ನು, ಸರ್ಚ್ ಮಾಡಿ. ಪುಟದಲ್ಲಿ 30 ಹೆಸರಿದ್ದು ಅದು 22 ಕಡೆ ಮಾತ್ರ ಸಿಕ್ಕರೆ ಎಂಟು ಕಡೆ ಓಸಿಆರ್ ತಪ್ಪಿದೆ. ಅಷ್ಟು ಸುಲಭದ ಪದವೇ ಹೀಗಾದರೆ ಕುಂಞಿಯ ಗತಿ ಏನು? ಅಂಥ ಪಠ್ಯದಲ್ಲಿ ಪೂರ್ತಿ ಹೆಸರು ಹಾಕಿ ಕೂರಬೇಡಿ. ಒಂದೊಂದೇ ಪದ ಹಾಕಿ, ಏಕೆಂದರೆ ಎರಡು ಕಂಬಸಾಲಿನ ಪುಟದಲ್ಲಿ ಹೆಸರಿನ ಎರಡು ಭಾಗ ಬೇರೆ ಬೇರೆ ಕಡೆ ಬಿದ್ದಿರಬಹುದು. ಮನೆ ಹೆಸರು ಹಾಕಿ, ಪಕ್ಕದ ಮನೆಯವರ ಹೆಸರು ಹಾಕಿ. ಅವರು ಸಿಕ್ಕರೆ ನಿಮ್ಮವರು ಅದೇ ಪುಟದಲ್ಲಿ ಮೇಲೆಯೋ ಕೆಳಗೆಯೋ ಇರುವ ಸಂಭವ ಹೆಚ್ಚು. ಇದೆಲ್ಲ ಅಚ್ಚಿನ ಪುಟಕ್ಕೆ ಮಾತ್ರ. ಕೈಬರಹದ ರಿಜಿಸ್ಟರಿಗೆ ಈ ಉಪಾಯ ನೆಚ್ಚಬೇಡಿ, ಅಲ್ಲಿ ಪುಟ ತಿರುವುವುದೇ ದಾರಿ.

ಸ್ಕ್ಯಾನ್ ಮಾಡಿ ಹಾಕುವ ಸಂಘ, ಜಮಾಅತ್, ಗ್ರಂಥಾಲಯ ಯಾವುದೇ ಇರಲಿ, ನಾವು ಮೂರು ವಿಷಯ ಕೇಳಬೇಕು. ಪಠ್ಯದ ಜೊತೆ ಪುಟದ ಫೋಟೋ ಇರಲಿ, ಓಸಿಆರ್ ಮಾಡಿದ ಮೇಲೆ ಅದನ್ನು ಎಸೆಯಬೇಡಿ. ಸರಿಪಡಿಸಿದ ಹೆಸರನ್ನು ಹಳೆಯದರ ಮೇಲೆ ಬರೆಯದೆ ಪಕ್ಕದಲ್ಲಿ ಬರೆಯಿರಿ, ಯಾರು ಯಾವಾಗ ಸರಿಪಡಿಸಿದರು ಎಂಬುದೂ ಇರಲಿ. ಮತ್ತು ಯಾರಿಗಾದರೂ "ಹೆಸರು ಇಲ್ಲ" ಎಂದು ಹೇಳುವ ಮೊದಲು ಯಾವ ಯಾವ ಕಾಗುಣಿತ ಹಾಕಿ ನೋಡಿದಿರಿ, ಯಾವ ಪುಟಗಳನ್ನು ಕಣ್ಣಿಂದ ಓದಿದಿರಿ ಎಂದು ಬರೆದುಕೊಡಿ. ಅದನ್ನು ಬರೆದುಕೊಡಲು ಆಗದಿದ್ದರೆ "ನನಗೆ ಸಿಗಲಿಲ್ಲ" ಎನ್ನಿ. "ಇಲ್ಲ" ಎನ್ನುವ ಹಕ್ಕು ಪುಟ ಓದಿದವನಿಗೆ ಮಾತ್ರ.