ಐದು ತಾಲ್ಲೂಕು, ಒಂದೇ ಎಕ್ಸೆಲ್ ಫೈಲು: ನಿಯಮ ಕಡ್ಡಾಯವಾಗಬೇಕೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಹೊಲ ಸುತ್ತಿ ಬೆಳೆ ಬರೆದುಕೊಳ್ಳುವ ಒಂದು ತಂಡಕ್ಕೆ ಜ್ಞಾಪನದ ಕರಡು ಬಂದಿದೆ. ಊರು, ತಾಲ್ಲೂಕು, ಬೆಳೆಗಳ ಹೆಸರನ್ನು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಬಣ್ಣವನ್ನು ಮಾಹಿತಿಯಾಗಿ ಬಳಸಬಾರದು. ತಿಳಿ ಹಳದಿ ಇರುವ ಸೆಲ್‌ಗಳನ್ನು ಮಾತ್ರ ತುಂಬಬೇಕು. ಸರ್ವೆ ನಂಬರ್ ಕಾಲಂ ಟೆಕ್ಸ್ಟ್ ಆಗಿಯೇ ಇರಬೇಕು. ಇದಕ್ಕೆ ತಂಡದೊಳಗೇ ಎರಡು ಮಾತು.

ಪರ: ತಿಂಗಳ ಕೊನೆಗೆ ಲೆಕ್ಕ ಕೂಡಿಸುವವರು

ಹರಪನಹಳ್ಳಿಯನ್ನೇ ತಗೊಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಫೈಲುಗಳಿಂದ ಸಾಲು ಎತ್ತಿ ಹಾಕಿದರೆ ಒಂದೇ ಊರು ಮೂರು ಜಿಲ್ಲೆಯಲ್ಲಿ ಕೂತಿರುತ್ತದೆ. ತಾಲ್ಲೂಕಿನ ಹೆಸರನ್ನು ಒಬ್ಬರು Harapanahalli ಅಂತ, ಇನ್ನೊಬ್ಬರು Harpanahalli ಅಂತ ಬರೆಯುತ್ತಾರೆ. ಮೂರನೆಯವರು ಸರಿಯಾಗಿಯೇ ಬರೆದು ಕೊನೆಗೊಂದು ಸ್ಪೇಸ್ ಒತ್ತಿರುತ್ತಾರೆ. ಆಗ ನಾನು

```
=COUNTIF(B:B,"Harapanahalli")
```

ಹಾಕಿದರೆ ಮೊದಲನೆಯವರ ಸಾಲುಗಳಷ್ಟೇ ಲೆಕ್ಕಕ್ಕೆ ಬರುತ್ತವೆ. ಉಳಿದವು ತಪ್ಪೆಂದು ಎಕ್ಸೆಲ್ ಹೇಳುವುದೂ ಇಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ.

ಸರ್ವೆ ನಂಬರಿನ ಪಾಡು ಇದಕ್ಕಿಂತ ಕೆಟ್ಟದ್ದು. 12/3 ಎಂದು ಒತ್ತಿ ಎಂಟರ್ ಹೊಡೆದರೆ ಅದು ಮಾರ್ಚ್ 12 ಆಗುತ್ತದೆ. ಆಮೇಲೆ ಕಾಲಮ್ಮನ್ನು ಟೆಕ್ಸ್ಟ್ ಮಾಡಿದರೆ ಈ ವರ್ಷದ, ಅಂದರೆ 2026ರ, ದಿನಾಂಕದ ಒಳಲೆಕ್ಕ 46093 ಎದ್ದು ಕೂರುತ್ತದೆ. ಅದೇ 12/3ನ್ನು ಅಮೆರಿಕದ ದಿನಾಂಕ ಪದ್ಧತಿಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಡಿಸೆಂಬರ್ 3. ಹಾಗಾಗಿ ಫೈಲಿನಲ್ಲಿ ಡಿಸೆಂಬರ್ 3 ಕಂಡರೆ ಅದು 3/12ರ ಹೊಲವೋ 12/3ರ ಹೊಲವೋ ಹೇಳಲಾಗದು, ಪಹಣಿ ತೆಗೆಸಿಯೇ ನೋಡಬೇಕು. 112/2 ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೇ ಮೇಲಿನ ನಾಲ್ಕು ಸಾಲು ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಇದು ನಮ್ಮ ಆಪರೇಟರುಗಳ ದಡ್ಡತನವಲ್ಲ. SEPT1, MARCH1 ಎಂಬ ಮನುಷ್ಯನ ಜೀನ್‌ಗಳನ್ನೂ ಎಕ್ಸೆಲ್ ತಾರೀಖು ಮಾಡುತ್ತಿತ್ತು. ಕೊನೆಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಸರ್ವೆ ನಂಬರನ್ನು ಹಾಗೆ ಬದಲಿಸಲು ಬರುತ್ತದೆಯೇ?

ಬಣ್ಣದ ವಿಷಯಕ್ಕೆ ಹಡಗಲಿಯ ಸಹೋದ್ಯೋಗಿ, "ನಮ್ಮ ಪ್ರಿಂಟರ್ ಕಪ್ಪು-ಬಿಳುಪು ಸರ್, ನಮಗೆ ಈ ನಿಯಮ ಅನ್ವಯಿಸಲ್ಲ" ಎಂದರು. ಕೇಳಿದ್ದು ಅದಲ್ಲ, ಆದರೂ ನನ್ನ ವಾದಕ್ಕೆ ಅವರೇ ಸಾಕ್ಷಿ. ಕೆಂಪು ಬಳಿದ ಸಾಲು ಅವರ ಪ್ರಿಂಟಿನಲ್ಲಿ ಬರೀ ಬೂದು. COUNTIFಗೂ ಬಣ್ಣ ಕಾಣದು. "ರೈತ ಸಿಗಲಿಲ್ಲ" ಎಂಬುದಕ್ಕೆ ಬಣ್ಣ ಬೇಡ, ಒಂದು ಕಾಲಂ ಬೇಕು.

ವಿರೋಧ: ಕೂಡ್ಲಿಗಿ ಕಡೆ ಹೊಲ ಸುತ್ತುವವರು

ಸರ್ವೆ ನಂಬರಿನ ಮಾತು ಒಪ್ಪಿದೆ, ಅದರಲ್ಲಿ ಜಗಳವಿಲ್ಲ. ಪಟ್ಟಿಯಿಂದಲೇ ಆರಿಸಿ ಅನ್ನುವುದಕ್ಕೆ ನನ್ನ ತಕರಾರು.

ನಮ್ಮ ಕಡೆ ಶೇಂಗಾದ ನಡುವೆ ತೊಗರಿ ಅಕ್ಕಡಿ ಹಾಕುತ್ತಾರೆ. ಕರಡಿನ ಜೊತೆ ಬಂದ ಶೀಟಿನಲ್ಲಿ ಬೆಳೆಗೆ ಒಂದೇ ಸೆಲ್, ಆರಿಸುವುದು ಒಂದೇ ಹೆಸರು. "ಶೇಂಗಾ+ತೊಗರಿ" ಬರೆದರೆ ಎರರ್ ಬರುತ್ತದೆ. ಬಿಸಿಲಲ್ಲಿ ನಿಂತ ಹುಡುಗ ಏನು ಮಾಡುತ್ತಾನೆ? ಶೇಂಗಾ ಒತ್ತಿ ಮುಂದಿನ ಹೊಲಕ್ಕೆ ಹೋಗುತ್ತಾನೆ. ತೊಗರಿ ಮಾಯ. ನೀವು ಹೇಳಿದ ಸ್ಪೇಸಿನ ತಪ್ಪನ್ನಾದರೂ ಹುಡುಕಿ ತಿದ್ದಬಹುದು, ಈ ಸುಳ್ಳನ್ನು ಯಾವ ಸೂತ್ರ ಹಿಡಿಯುತ್ತದೆ? ಪೋಡಿ ಆಗದ ಜಮೀನಿನದೂ ಇದೇ ಕಥೆ. ಒಂದೇ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಒಟ್ಟಿಗಿರುತ್ತದೆ, ಉಳುಮೆ ಬೇರೆ ಬೇರೆ. ನಿಮ್ಮ ಶೀಟಿಗೆ ಒಬ್ಬನೇ ರೈತ ಬೇಕು.

ಇನ್ನು ಪಟ್ಟಿ ಇಟ್ಟರೆ ತಪ್ಪೇ ಬರುವುದಿಲ್ಲ ಅಂತ ಕೊಟ್ಟೂರಿನವರು ಸಭೆಯಲ್ಲಿ ಹೇಳಿದರು. ಅರ್ಧ ನಿಜ. ಕೈಯಲ್ಲಿ ಟೈಪ್ ಮಾಡಿದರೆ ಅದು ತಡೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಹೆಸರುಗಳನ್ನು ಕಾಪಿ ಮಾಡಿ ಅಂಟಿಸಿದರೆ ತಡೆಯುವುದಿಲ್ಲ. ಬೇರೆ ಶೀಟಿನ ಸೆಲ್ ಅಂಟಿಸಿದರಂತೂ ಆ ಜಾಗದ ನಿಯಮವೇ ಅಳಿಸಿಹೋಗುತ್ತದೆ. ನಮ್ಮಲ್ಲಿ ಅರ್ಧ ಭರ್ತಿ ನಡೆಯುವುದೇ ಹಾಗೆ. ನಮ್ಮ ಹುಡುಗರಲ್ಲಿ ಒಬ್ಬ ಇನ್ನೂ ನುಡಿಯ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಫೈಲ್ ಇಟ್ಟುಕೊಂಡಿದ್ದಾನೆ. ಅದನ್ನು ಅಂಟಿಸಿದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೆಸರಿನ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತದೆ.

ಬಣ್ಣ ಬಿಡಲು ನಾನು ತಯಾರು, ಬದಲಿಗೆ "ಸ್ಥಿತಿ" ಎಂಬ ಕಾಲಂ ಕೊಡಿ. ಆದರೆ "ಬೆಳೆ-2" ಬೇಕು, "ಇತರೆ" ಬೇಕು, ಅದರ ಪಕ್ಕ ಬಿಡಿಸಿ ಬರೆಯುವ ಒಂದು ಖಾಲಿ ಕಾಲಂ ಬೇಕು.

ಪರದವರ ಉತ್ತರ

"ಬೆಳೆ-2" ಕೊಡುತ್ತೇನೆ. ಅಂಟಿಸುವಾಗ "ಪೇಸ್ಟ್ ವ್ಯಾಲ್ಯೂಸ್" ಮಾತ್ರ ಎಂದು ಜ್ಞಾಪನದಲ್ಲಿ ಸೇರಿಸುತ್ತೇನೆ. ಅದರಿಂದ ಪಟ್ಟಿ ಅಳಿಯದೆ ಉಳಿಯುತ್ತದೆ. ತಪ್ಪು ಹೆಸರು ಒಳಗೆ ಬಂದಿದ್ದರೆ "ಸರ್ಕಲ್ ಇನ್‌ವ್ಯಾಲಿಡ್ ಡೇಟಾ" ಒತ್ತಿ ಕೆಂಪು ಸುತ್ತು ಹಾಕಿಸಬಹುದು. ಖಾಲಿ ಕಾಲಂ ಮಾತ್ರ ಒಪ್ಪಲಾರೆ. ಐದು ತಾಲ್ಲೂಕಿನ ಷರಾಗಳನ್ನು ಕೂತು ಓದುವವರು ಯಾರು ಎಂದು ಕೇಳಿದ್ದಕ್ಕೆ ಸಭೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಓದುವವರ ಹೆಸರು ಜ್ಞಾಪನದಲ್ಲಿ ಬರೆಯುವವರೆಗೆ ಆ ಕಾಲಂ ಕರಡಿನಲ್ಲಿಲ್ಲ.